ಒಂದು ಗಂಟೆಗೆ ಎಷ್ಟು ಡೇಟಾ? ವಿಡಿಯೊ, ಹಾಡು, ಕರೆ ಮತ್ತು ನಕ್ಷೆಗಳ ಲೆಕ್ಕ

ಹಳೆಯ ಫೋನಿನಲ್ಲಿ ದಿನವಿಡೀ ಸಾಲುತ್ತಿದ್ದ 2 ಜಿಬಿ ಡೇಟಾ, ಹೊಸ ಫೋನು ಮತ್ತು ವೇಗದ ನೆಟ್‌ವರ್ಕ್ ಬಂದ ಮೇಲೆ ಮಧ್ಯಾಹ್ನಕ್ಕೇ ಮುಗಿಯುವುದು ಅನೇಕರ ಅನುಭವ. ನೋಡುವ ಕಾರ್ಯಕ್ರಮ ಬದಲಾಗಿಲ್ಲ, ನೋಡುವ ಹೊತ್ತೂ ಬದಲಾಗಿಲ್ಲ, ಆದರೂ ಡೇಟಾ ಮಾತ್ರ ಸಾಲುತ್ತಿಲ್ಲ. ಫೋನಿನಲ್ಲಿ ಏನೋ ದೋಷವಿದೆ ಎಂದೋ, ಯಾವುದೋ ಆ್ಯಪ್ ಕದ್ದುಮುಚ್ಚಿ ಡೇಟಾ ಎಳೆಯುತ್ತಿದೆ ಎಂದೋ ಅನುಮಾನ ಬರುವುದು ಸಹಜ. ಆದರೆ ಇಂಥ ಸಂದರ್ಭಗಳಲ್ಲಿ ಬಹುಪಾಲು ಕಾರಣ ಕಣ್ಣೆದುರೇ ಇರುತ್ತದೆ: ನೆಟ್‌ವರ್ಕ್ ವೇಗವಾದಷ್ಟೂ ವಿಡಿಯೊ ತನ್ನ ಗುಣಮಟ್ಟವನ್ನು ತಾನಾಗಿಯೇ ಏರಿಸಿಕೊಳ್ಳುತ್ತದೆ, ಅದರೊಂದಿಗೆ ಖರ್ಚೂ ಏರುತ್ತದೆ. ಇದು ಹೇಗೆ ನಡೆಯುತ್ತದೆ, ಎಷ್ಟು ಏರುತ್ತದೆ ಎಂಬುದನ್ನು ತಿಳಿಯಲು ಒಂದೇ ಒಂದು ಗುಣಾಕಾರ ಗೊತ್ತಿದ್ದರೆ ಸಾಕು.

## ಬಿಟ್, ಬೈಟ್ ಮತ್ತು 450 ಎಂಬ ಸಂಖ್ಯೆ

ನಲ್ಲಿಯಿಂದ ನಿಮಿಷಕ್ಕೆ ಹತ್ತು ಲೀಟರ್ ನೀರು ಬರುತ್ತಿದ್ದರೆ ಒಂದು ಗಂಟೆಯಲ್ಲಿ ಆರುನೂರು ಲೀಟರ್ ತುಂಬುತ್ತದೆ ಎಂದು ಯಾರಾದರೂ ಹೇಳಬಲ್ಲರು. ಡೇಟಾದ ಲೆಕ್ಕವೂ ಇಷ್ಟೇ ಸರಳ. ಹಾಡು ಅಥವಾ ವಿಡಿಯೊ ಪ್ರತಿ ಸೆಕೆಂಡಿಗೆ ಎಷ್ಟು ಡೇಟಾ ಹರಿಸಿಕೊಳ್ಳುತ್ತದೆ ಎಂಬುದನ್ನು ಬಿಟ್‌ರೇಟ್ ಎನ್ನುತ್ತಾರೆ. ಅದನ್ನು ಸೆಕೆಂಡಿಗೆ ಸಾವಿರ ಬಿಟ್‌ಗಳ ಲೆಕ್ಕದಲ್ಲಿ ಕೆಬಿಪಿಎಸ್ ಎಂದೂ, ಹತ್ತು ಲಕ್ಷ ಬಿಟ್‌ಗಳ ಲೆಕ್ಕದಲ್ಲಿ ಎಂಬಿಪಿಎಸ್ ಎಂದೂ ಹೇಳುವುದು ರೂಢಿ.

ಇಲ್ಲಿ ಎಡವುವ ಜಾಗ ಒಂದಿದೆ. ಹರಿವನ್ನು ಬಿಟ್‌ಗಳಲ್ಲಿ ಅಳೆಯುತ್ತಾರೆ, ಆದರೆ ನಮ್ಮ ಡೇಟಾ ಮಿತಿಯನ್ನು ಬೈಟ್‌ಗಳಲ್ಲಿ ಅಳೆಯುತ್ತಾರೆ. ಎಂಟು ಬಿಟ್ ಸೇರಿದರೆ ಒಂದು ಬೈಟ್. ಆದ್ದರಿಂದ 1 ಎಂಬಿಪಿಎಸ್ ಹರಿವು ಒಂದು ಗಂಟೆ, ಅಂದರೆ 3,600 ಸೆಕೆಂಡು, ನಡೆದರೆ ಬರುವುದು 3,600 ಮೆಗಾಬಿಟ್. ಅದನ್ನು ಎಂಟರಿಂದ ಭಾಗಿಸಿದರೆ 450 ಎಂಬಿ. ಹರಿವು ಎಂಬಿಪಿಎಸ್‌ನಲ್ಲಿದ್ದರೆ 450ರಿಂದಲೂ, ಕೆಬಿಪಿಎಸ್‌ನಲ್ಲಿದ್ದರೆ 0.45ರಿಂದಲೂ ಗುಣಿಸಿದರೆ ಗಂಟೆಗೆ ಎಷ್ಟು ಎಂಬಿ ಎಂಬ ಉತ್ತರ ಸಿಗುತ್ತದೆ. ಈ ಬರಹದ ಉಳಿದ ಲೆಕ್ಕಗಳೆಲ್ಲ ಇದರ ಮೇಲೆಯೇ ನಿಂತಿವೆ.

ಬಿಟ್‌ರೇಟ್ ಬೇರೆ, ನೆಟ್‌ವರ್ಕಿನ ವೇಗ ಬೇರೆ ಎಂಬುದನ್ನೂ ಇಲ್ಲೇ ಗಮನಿಸಬೇಕು. ಕೊಳವೆ ಎಷ್ಟು ದಪ್ಪವಿದೆ ಎಂಬುದು ನೆಟ್‌ವರ್ಕಿನ ವೇಗ. ನಲ್ಲಿಯನ್ನು ಎಷ್ಟು ತಿರುಗಿಸಿದ್ದೇವೆ ಎಂಬುದು ಬಿಟ್‌ರೇಟ್. ಕೊಳವೆ ದಪ್ಪವಿದ್ದ ಮಾತ್ರಕ್ಕೆ ನೀರು ಪೋಲಾಗುವುದಿಲ್ಲ, ನಲ್ಲಿಯನ್ನು ಪೂರ್ತಿ ತಿರುಗಿಸಿದರೆ ಮಾತ್ರ ಪೋಲಾಗುತ್ತದೆ. ವಿಡಿಯೊ ಆ್ಯಪ್‌ಗಳಲ್ಲಿ ಆ ನಲ್ಲಿಯನ್ನು ತಿರುಗಿಸುವ ಕೈ ನಮ್ಮದಲ್ಲದಿರುವುದೇ ಸಮಸ್ಯೆ. ಆ ವಿಷಯಕ್ಕೆ ಮುಂದೆ ಬರೋಣ.

## ಹಾಡು: ಅತ್ಯಂತ ಸುಲಭದ ಲೆಕ್ಕ

ಹಾಡಿನ ಆ್ಯಪ್‌ಗಳಲ್ಲಿ ಗುಣಮಟ್ಟದ ಪ್ರತಿ ಹಂತಕ್ಕೂ ಹೆಚ್ಚುಕಡಿಮೆ ನಿಗದಿತ ಬಿಟ್‌ರೇಟ್ ಇರುವುದರಿಂದ ಅಂದಾಜು ಮಾಡುವುದು ಸಲೀಸು. ಸ್ಪಾಟಿಫೈ ತನ್ನ ಹಂತಗಳನ್ನು ಸುಮಾರು 24, 96, 160 ಮತ್ತು 320 ಕೆಬಿಪಿಎಸ್ ಎಂದು ಹೇಳುತ್ತದೆ. ಇವನ್ನು 0.45ರಿಂದ ಗುಣಿಸಿದರೆ ಗಂಟೆಗೆ ಕ್ರಮವಾಗಿ 11, 43, 72 ಮತ್ತು 144 ಎಂಬಿ ಆಗುತ್ತದೆ. ಧ್ವನಿಯ ಯಾವ ಅಂಶವನ್ನೂ ಬಿಡದೆ ಕಳಿಸುವ ‘ಲಾಸ್‌ಲೆಸ್’ ಹಂತ 320 ಕೆಬಿಪಿಎಸ್ ಹಂತಕ್ಕಿಂತಲೂ ಎರಡು–ಮೂರು ಪಟ್ಟು ತಿನ್ನುತ್ತದೆ, ಸಾಮಾನ್ಯ ಸಿ.ಡಿ. ಗುಣಮಟ್ಟದ ಲಾಸ್‌ಲೆಸ್ ಸಂಗೀತಕ್ಕೆ ಗಂಟೆಗೆ 300ರಿಂದ 450 ಎಂಬಿ ಎಂದು ಇಟ್ಟುಕೊಳ್ಳಬಹುದು.

ಒಮ್ಮೆ ಕೇಳಿದ ಹಾಡನ್ನೇ ಮತ್ತೆ ಮತ್ತೆ ಕೇಳುವವರು ಅದನ್ನು ವೈಫೈ ಇರುವಾಗ ಇಳಿಸಿಟ್ಟುಕೊಂಡರೆ ಆಮೇಲೆ ಮೊಬೈಲ್ ಡೇಟಾ ಬೇಕಾಗುವುದೇ ಇಲ್ಲ. ಹಾಡಿನಲ್ಲಿ ನಿಜವಾದ ಪೋಲು ಬೇರೆ ಕಡೆ ಇದೆ: ಪರದೆಯನ್ನು ನೋಡದೆ ಬರೀ ಕೇಳುವುದಕ್ಕಾಗಿ ಹಾಡಿನ ವಿಡಿಯೊವನ್ನು ಹಾಕಿಡುವುದು. ಆಗ ಕಿವಿಗೆ ಬೇಕಾದ ನೂರು ಕೆಬಿಪಿಎಸ್ ಆಸುಪಾಸಿನ ಧ್ವನಿಯ ಜೊತೆಗೆ ಕಣ್ಣಿಗೆ ಬೇಡವಾದ ಚಿತ್ರವೂ ಇಳಿಯುತ್ತಲೇ ಇರುತ್ತದೆ.

## ಕರೆ: ಎರಡೂ ದಿಕ್ಕಿನ ಹರಿವು

ಫೋನಿನ ಡಯಲರ್‌ನಿಂದ ಮಾಡುವ ಮಾಮೂಲಿ ಕರೆ ಸಾಮಾನ್ಯವಾಗಿ ಡೇಟಾ ಮಿತಿಯಲ್ಲಿ ಸೇರುವುದಿಲ್ಲ. ವಾಟ್ಸ್‌ಆ್ಯಪ್‌ನಂಥ ಆ್ಯಪ್‌ಗಳ ಮೂಲಕ ಮಾಡುವ ಕರೆ ಸೇರುತ್ತದೆ. ಇಲ್ಲಿ ನೆನಪಿಡಬೇಕಾದ್ದು, ಹಾಡು ಬರೀ ಒಳಬರುತ್ತದೆ, ಕರೆಯಾದರೋ ಒಳಗೂ ಬರುತ್ತದೆ, ಹೊರಗೂ ಹೋಗುತ್ತದೆ. ಎರಡೂ ಲೆಕ್ಕಕ್ಕೆ ಸೇರುತ್ತವೆ.

ಮಾತಿನ ಕರೆಯ ಒಳಗನ್ನು ಸ್ವಲ್ಪ ಹತ್ತಿರದಿಂದ ನೋಡಿದರೆ ಒಂದು ಕುತೂಹಲದ ಸಂಗತಿ ಕಾಣುತ್ತದೆ. ನಮ್ಮ ಧ್ವನಿಯನ್ನು ಸಾಮಾನ್ಯವಾಗಿ 20 ಮಿಲಿಸೆಕೆಂಡಿನ ತುಣುಕುಗಳಾಗಿ ಕತ್ತರಿಸಿ, ಸೆಕೆಂಡಿಗೆ 50 ಪೊಟ್ಟಣಗಳಂತೆ ಕಳಿಸಲಾಗುತ್ತದೆ. ಪತ್ರಕ್ಕೆ ಲಕೋಟೆ ಇರುವಂತೆ ಪ್ರತಿ ಪೊಟ್ಟಣಕ್ಕೂ ಎಲ್ಲಿಗೆ ಹೋಗಬೇಕು, ಎಷ್ಟನೆಯದು ಎಂಬ ವಿವರಗಳ ಹೊದಿಕೆ ಇರುತ್ತದೆ, ಅದರ ತೂಕ ಸುಮಾರು 40 ಬೈಟ್. ಸೆಕೆಂಡಿಗೆ 50 ಲಕೋಟೆ ಎಂದರೆ 2,000 ಬೈಟ್, ಅಂದರೆ 16 ಕೆಬಿಪಿಎಸ್. ಸ್ಪಷ್ಟವಾಗಿ ಕೇಳಿಸುವ ಮಾತಿಗೆ 24 ಕೆಬಿಪಿಎಸ್ ಸಾಕಾಗುತ್ತದೆ ಎಂದುಕೊಂಡರೆ, ಲಕೋಟೆಗಳೂ ಸೇರಿ ಒಂದು ದಿಕ್ಕಿಗೆ 40, ಎರಡು ದಿಕ್ಕಿಗೆ 80 ಕೆಬಿಪಿಎಸ್ ಆಯಿತು. 80 × 0.45 ಎಂದರೆ ಗಂಟೆಗೆ 36 ಎಂಬಿ. ಅದರಲ್ಲಿ ಹದಿನಾಲ್ಕು ಎಂಬಿಗೂ ಹೆಚ್ಚು ಬರೀ ಲಕೋಟೆಯದು! ಧ್ವನಿಯ ಗುಣಮಟ್ಟವನ್ನು ಎಷ್ಟು ಇಳಿಸಿದರೂ ಮಾತಿನ ಕರೆಯ ಖರ್ಚು ಒಂದು ಮಟ್ಟದಿಂದ ಕೆಳಗೆ ಇಳಿಯದೇ ಇರುವುದಕ್ಕೆ ಇದೇ ಕಾರಣ. ಹೇಗೂ 36 ಎಂಬಿ ದೊಡ್ಡ ಮೊತ್ತವಲ್ಲ. ಮಾತಿನ ಕರೆಗೆ ಹೆದರಬೇಕಾದ್ದಿಲ್ಲ.

ವಿಡಿಯೊ ಕರೆಯ ಮಾತು ಬೇರೆ. ಇಬ್ಬರ ನಡುವಿನ ಉತ್ತಮ ಗುಣಮಟ್ಟದ ವಿಡಿಯೊ ಕರೆಗೆ ಒಂದೊಂದು ದಿಕ್ಕಿಗೂ 600 ಕೆಬಿಪಿಎಸ್ ಬೇಕೆಂದು ಝೂಮ್ ತಿಳಿಸುತ್ತದೆ. ಎರಡೂ ಸೇರಿದರೆ 1.2 ಎಂಬಿಪಿಎಸ್, ಗಂಟೆಗೆ 540 ಎಂಬಿ. ನಮ್ಮ ಕ್ಯಾಮೆರಾವನ್ನು ಆರಿಸಿದರೆ ಹೊರಹೋಗುವ ಅರ್ಧ ಬಹುಪಾಲು ಉಳಿಯುತ್ತದೆ; ಎದುರಿನವರೂ ಆರಿಸಿದರೆ ಅದು ಮಾತಿನ ಕರೆಯೇ ಆಗಿಬಿಡುತ್ತದೆ. ವಾಟ್ಸ್‌ಆ್ಯಪ್‌ನ Storage and data ವಿಭಾಗದಲ್ಲಿ Use less data for calls ಎಂಬ ಗುಂಡಿಯಿದ್ದು, ಕರೆಗಳ ಖರ್ಚನ್ನು ತಗ್ಗಿಸಲು ಅದನ್ನು ಒಮ್ಮೆ ಹಾಕಿಟ್ಟರೆ ಸಾಕು.

## ನಕ್ಷೆ: ಹೆಸರಿಗಷ್ಟೇ ಖರ್ಚು

ದಾರಿ ತೋರಿಸುವ ನಕ್ಷೆ ಡೇಟಾವನ್ನು ನುಂಗುತ್ತದೆ ಎಂಬ ನಂಬಿಕೆ ವ್ಯಾಪಕವಾಗಿದೆ, ಆದರೆ ಅದು ತಪ್ಪು. ನಾವು ಎಲ್ಲಿದ್ದೇವೆ ಎಂಬುದನ್ನು ಫೋನು ಉಪಗ್ರಹಗಳ ಸಂಕೇತವನ್ನು ಆಲಿಸಿ ಲೆಕ್ಕ ಹಾಕುತ್ತದೆ, ಅದಕ್ಕೆ ಮೊಬೈಲ್ ಡೇಟಾ ಬೇಕಿಲ್ಲ. ರಸ್ತೆ, ಕಟ್ಟಡಗಳು ಚಿತ್ರಗಳಾಗಿ ಬರುವುದಿಲ್ಲ. ‘ಇಲ್ಲಿಂದ ಇಲ್ಲಿಗೆ ಒಂದು ಗೆರೆ, ಅದರ ಹೆಸರು ಇದು’ ಎಂಬಂಥ ಪುಟ್ಟ ಸೂಚನೆಗಳಾಗಿ ಬರುತ್ತವೆ, ಚಿತ್ರವನ್ನು ಬಿಡಿಸುವುದು ಫೋನಿನ ಕೆಲಸ. ಹಾಗಾಗಿ ಒಂದು ಗಂಟೆಯ ಪ್ರಯಾಣಕ್ಕೆ ಸಾಮಾನ್ಯವಾಗಿ ಐದು–ಹತ್ತು ಎಂಬಿ ಸಾಕಾಗುತ್ತದೆ. ಉಪಗ್ರಹ ಚಿತ್ರದ ನೋಟಕ್ಕೆ ಬದಲಾಯಿಸಿದರೆ ಮಾತ್ರ ಈ ಲೆಕ್ಕ ಕೆಡುತ್ತದೆ, ಏಕೆಂದರೆ ಆಗ ಪರದೆಯನ್ನು ತುಂಬಲು ನಿಜವಾದ ಫೋಟೊ ತುಣುಕುಗಳು ಹತ್ತಾರು ಇಳಿಯಬೇಕು, ನಕ್ಷೆಯನ್ನು ಸರಿಸಿದಂತೆಲ್ಲ ಮತ್ತಷ್ಟು ಬೇಕು. ಗೂಗಲ್ ಮ್ಯಾಪ್ಸ್‌ನಲ್ಲಿ ಬೇಕಾದ ಪ್ರದೇಶವನ್ನು Offline maps ಮೂಲಕ ಮೊದಲೇ ಇಳಿಸಿಟ್ಟುಕೊಳ್ಳಬಹುದು. ಆದರೆ ವಾಹನ ದಟ್ಟಣೆಯ ಮಾಹಿತಿ ಬೇಕಿದ್ದರೆ ಆಗಲೂ ಡೇಟಾ ಆನ್ ಇರಬೇಕು.

## ವಿಡಿಯೊ: ಲೆಕ್ಕ ಜಾರುವುದು ಇಲ್ಲಿ

ಪರದೆಯ ಚಿತ್ರ ಪಿಕ್ಸೆಲ್ ಎಂಬ ಸಣ್ಣ ಚುಕ್ಕೆಗಳಿಂದಾಗಿದೆ. 1080p ಎಂದರೆ ಅಡ್ಡಕ್ಕೆ 1,920, ಎತ್ತರಕ್ಕೆ 1,080, ಒಟ್ಟು ಇಪ್ಪತ್ತು ಲಕ್ಷಕ್ಕೂ ಹೆಚ್ಚು ಚುಕ್ಕೆಗಳು. ಪ್ರತಿ ಚುಕ್ಕೆಯ ಬಣ್ಣಕ್ಕೆ 24 ಬಿಟ್‌ನಂತೆ, ಸೆಕೆಂಡಿಗೆ 30 ಚಿತ್ರಗಳನ್ನು ಇದ್ದುದನ್ನು ಇದ್ದಂತೆಯೇ ಕಳಿಸಿದರೆ ಒಂದು ಗಂಟೆಗೆ ಸುಮಾರು 670 ಜಿಬಿ ಬೇಕಾಗುತ್ತದೆ. ವಾಸ್ತವದಲ್ಲಿ ಅದು 1 ಜಿಬಿಯ ಆಸುಪಾಸಿನಲ್ಲಿ ಮುಗಿಯುವುದು ಸಂಕೋಚನದ ಬಲದಿಂದ. ಹಿಂದಿನ ಚಿತ್ರಕ್ಕೂ ಈಗಿನ ಚಿತ್ರಕ್ಕೂ ಏನು ಬದಲಾಗಿದೆಯೋ ಅದನ್ನಷ್ಟೇ ಕಳಿಸು, ಬದಲಾಗದ ಗೋಡೆಯನ್ನು ಮತ್ತೆ ಮತ್ತೆ ಕಳಿಸಬೇಡ ಎಂಬುದು ಇದರ ಮುಖ್ಯ ತಂತ್ರ. ಈ ಸಂಕೋಚನ ಮಾಡುವ ವಿಧಾನಕ್ಕೆ ಕೊಡೆಕ್ ಎಂಬ ಹೆಸರು.

ಒಂದೇ 480p ವಿಡಿಯೊಗಳಲ್ಲೂ ಖರ್ಚು ಒಂದೇ ಸಮ ಇರದಿರುವುದಕ್ಕೆ ಇಲ್ಲಿ ಕಾರಣ ಸಿಗುತ್ತದೆ. ಕುರ್ಚಿಯಲ್ಲಿ ಕುಳಿತು ಮಾತನಾಡುವವರ ಸಂದರ್ಶನದಲ್ಲಿ ತುಟಿ, ಕೈ ಬಿಟ್ಟರೆ ಹೆಚ್ಚೇನೂ ಅಲುಗಾಡುವುದಿಲ್ಲ. ಕ್ಯಾಮೆರಾ ಚೆಂಡಿನ ಹಿಂದೆ ಓಡುವ ಪಂದ್ಯದಲ್ಲಿ ಇಡೀ ಮೈದಾನ, ಜನಸ್ತೋಮ ಎಲ್ಲವೂ ಪ್ರತಿ ಚಿತ್ರದಲ್ಲೂ ಬದಲಾಗುತ್ತವೆ. ಸೆಕೆಂಡಿಗೆ 60 ಚಿತ್ರಗಳ ವಿಡಿಯೊ ಆದರೆ ಇನ್ನೂ ಹೆಚ್ಚು. ಆದ್ದರಿಂದ ವಿಡಿಯೊಗೆ ಕೊಡುವ ಯಾವ ಸಂಖ್ಯೆಯೂ ಅಂದಾಜೇ. ಸಾಮಾನ್ಯ ಕಾರ್ಯಕ್ರಮವೊಂದಕ್ಕೆ, ಧ್ವನಿಯೂ ಸೇರಿ, 360pಗೆ ಅರ್ಧ ಎಂಬಿಪಿಎಸ್, 480pಗೆ 0.7, 720pಗೆ 1.3, 1080pಗೆ 2 ಎಂಬಿಪಿಎಸ್ ಎಂದು ಇಟ್ಟುಕೊಂಡರೆ ಗಂಟೆಗೆ ಸುಮಾರು 225, 315, 585 ಮತ್ತು 900 ಎಂಬಿ ಆಗುತ್ತದೆ. ಪಂದ್ಯಗಳಿಗೆ ಇದರ ಒಂದೂವರೆ, ಎರಡು ಪಟ್ಟು ಹಿಡಿಯುವುದು ಒಳ್ಳೆಯದು. ನೆಟ್‌ಫ್ಲಿಕ್ಸ್ ಇನ್ನೂ ಮೇಲಿನ ಗಡಿಯನ್ನು ಹೇಳುತ್ತದೆ: ಎಚ್‌ಡಿಗೆ ಗಂಟೆಗೆ 3 ಜಿಬಿಯವರೆಗೆ, ಅಲ್ಟ್ರಾ ಎಚ್‌ಡಿಗೆ 7 ಜಿಬಿಯವರೆಗೆ.

ಈಗ ನಲ್ಲಿಯನ್ನು ತಿರುಗಿಸುವ ಕೈಯ ವಿಷಯಕ್ಕೆ ಬರೋಣ. ವಿಡಿಯೊ ಸೇವೆಗಳು ಒಂದೇ ಕಾರ್ಯಕ್ರಮವನ್ನು ಹಲವು ಗುಣಮಟ್ಟಗಳಲ್ಲಿ ಸಿದ್ಧಪಡಿಸಿ, ಪ್ರತಿಯೊಂದನ್ನೂ ಕೆಲವೇ ಸೆಕೆಂಡುಗಳ ತುಣುಕುಗಳಾಗಿ ಕತ್ತರಿಸಿ ಇಟ್ಟಿರುತ್ತವೆ. ಗುಣಮಟ್ಟ Auto ಎಂದಿದ್ದಾಗ ಆ್ಯಪ್ ಹಿಂದಿನ ತುಣುಕು ಎಷ್ಟು ಬೇಗ ಇಳಿಯಿತು ಎಂದು ಅಳೆದು, ಮುಂದಿನದನ್ನು ಯಾವ ಮೆಟ್ಟಿಲಿನಿಂದ ತರಬೇಕು ಎಂದು ತೀರ್ಮಾನಿಸುತ್ತದೆ. ಬೇಗ ಇಳಿದರೆ ಒಂದು ಮೆಟ್ಟಿಲು ಮೇಲೆ, ತಡವಾದರೆ ಒಂದು ಮೆಟ್ಟಿಲು ಕೆಳಗೆ. ವಿಡಿಯೊ ನಿಲ್ಲದೆ ಓಡಲಿ ಎಂಬುದು ಈ ಏರ್ಪಾಡಿನ ಉದ್ದೇಶ, ಅದು ಒಳ್ಳೆಯದೇ. ಆದರೆ ತಿಂಗಳ ಮಿತಿ ಎಷ್ಟು ಉಳಿದಿದೆ ಎಂಬುದು ಅದಕ್ಕೆ ಗೊತ್ತಿಲ್ಲ, ಅದು ನೋಡುವುದು ವೇಗವನ್ನು ಮಾತ್ರ. ನಿಧಾನದ ನೆಟ್‌ವರ್ಕಿನಲ್ಲಿ 480pಗೆ ಸುಮ್ಮನಿದ್ದ ಅದೇ ಆ್ಯಪ್ ವೇಗದ ನೆಟ್‌ವರ್ಕಿನಲ್ಲಿ 1080pಗೆ ಏರುವುದೂ, 315 ಎಂಬಿಯ ಗಂಟೆ 900 ಎಂಬಿಯ ಗಂಟೆಯಾಗುವುದೂ ಹೀಗೆ.

ಇನ್ನೊಂದು ಸಣ್ಣ ಸೋರಿಕೆಯೂ ಇದೆ. ಆ್ಯಪ್ ನಾವು ನೋಡುತ್ತಿರುವ ಕ್ಷಣಕ್ಕಿಂತ ಮುಂದಿನ ಭಾಗವನ್ನು ಮೊದಲೇ ಇಳಿಸಿಟ್ಟುಕೊಂಡಿರುತ್ತದೆ. ನಡುವೆ ವಿಡಿಯೊ ಬಿಟ್ಟು ಬೇರೆಯದಕ್ಕೆ ಹೋದರೆ ಇಳಿಸಿದ್ದು ವ್ಯರ್ಥ. ಬೆರಳಿನಿಂದ ಸರಿಸುತ್ತ ಹೋಗುವ ಕಿರು ವಿಡಿಯೊಗಳಲ್ಲಿ ಮುಂದೆ ಬರಲಿರುವ ಒಂದೆರಡು ವಿಡಿಯೊಗಳೂ ಹೀಗೆ ಮುಂಚಿತವಾಗಿ ಬರುವುದರಿಂದ, ನೋಡದೇ ಬಿಟ್ಟದ್ದಕ್ಕೂ ಲೆಕ್ಕ ತೆರುತ್ತೇವೆ.

## ಗುಣಮಟ್ಟವನ್ನು ಇಳಿಸುವ ಬಗೆ

ಯೂಟ್ಯೂಬ್‌ನಲ್ಲಿ ವಿಡಿಯೊ ಓಡುತ್ತಿರುವಾಗ ಗೇರ್ ಚಿಹ್ನೆಯನ್ನು ಒತ್ತಿ Quality, ಆಮೇಲೆ Advanced ಆರಿಸಿದರೆ 480p, 360p ಎಂಬ ನಿರ್ದಿಷ್ಟ ಹಂತಗಳು ಕಾಣುತ್ತವೆ. ಆದರೆ ಇದು ಆ ಒಂದು ವಿಡಿಯೊಗೆ ಮಾತ್ರ ಅನ್ವಯಿಸುತ್ತದೆ, ಮುಂದಿನ ವಿಡಿಯೊ ಮತ್ತೆ ಹಳೆಯ ಆಯ್ಕೆಗೇ ಮರಳುತ್ತದೆ. ‘ಕಡಿಮೆ ಮಾಡಿದ್ದೆನಲ್ಲ, ಆದರೂ ಏಕೆ ಮುಗಿಯಿತು’ ಎಂಬ ಪ್ರಶ್ನೆಗೆ ಹಲವು ಬಾರಿ ಉತ್ತರ ಇಷ್ಟೇ. ಎಲ್ಲ ವಿಡಿಯೊಗಳಿಗೂ ಅನ್ವಯಿಸಬೇಕಾದರೆ ಆ್ಯಪ್‌ನ ಸೆಟ್ಟಿಂಗ್ಸ್‌ನಲ್ಲಿ Video quality on mobile networks ಎಂಬುದನ್ನು ಹುಡುಕಿ Data saver ಎಂದು ಇಡಬೇಕು. ವೈಫೈಗೆ ಪ್ರತ್ಯೇಕ ಆಯ್ಕೆ ಇರುವುದರಿಂದ ಮನೆಯಲ್ಲಿ ನೋಡುವಾಗಿನ ಸ್ಪಷ್ಟತೆಗೆ ಧಕ್ಕೆಯಿಲ್ಲ.

ನೆಟ್‌ಫ್ಲಿಕ್ಸ್ ಆ್ಯಪ್‌ನ ಮೊಬೈಲ್ ಡೇಟಾ ಆಯ್ಕೆಗಳಲ್ಲಿ Save Data ಆರಿಸಿದರೆ 1 ಜಿಬಿಗೆ ಸುಮಾರು ಆರು ಗಂಟೆ ನೋಡಬಹುದೆಂದು ಸಂಸ್ಥೆಯೇ ಹೇಳುತ್ತದೆ. ಇದನ್ನು ನಮ್ಮ ಸೂತ್ರಕ್ಕೆ ತಿರುಗಿಸಿ ನೋಡಿ: ಗಂಟೆಗೆ 167 ಎಂಬಿ, ಅದನ್ನು 450ರಿಂದ ಭಾಗಿಸಿದರೆ 0.37 ಎಂಬಿಪಿಎಸ್. ಅಂಗೈಯಗಲದ ಪರದೆಗೆ ಇಷ್ಟು ಕಡಿಮೆ ಹರಿವಿನಲ್ಲೂ ನೋಡುವಂಥ ಚಿತ್ರ ಕೊಡಬಹುದು ಎಂದು ಸೇವೆಯನ್ನು ನಡೆಸುವವರೇ ಒಪ್ಪಿದಂತಾಯಿತು. 1080pಯಲ್ಲಿ 480pಗಿಂತ ಐದು ಪಟ್ಟು ಚುಕ್ಕೆಗಳಿರುವುದು ನಿಜ, ಆದರೆ ಆರು ಅಂಗುಲದ ಪರದೆಯಲ್ಲಿ ಆ ಐದು ಪಟ್ಟನ್ನು ಕಣ್ಣು ಪೂರ್ತಿ ಗ್ರಹಿಸುವುದಿಲ್ಲ. ವ್ಯತ್ಯಾಸ ಎದ್ದು ಕಾಣುವುದು ಸಣ್ಣ ಅಕ್ಷರಗಳಲ್ಲಿ. ಕಪ್ಪುಹಲಗೆಯ ಮೇಲೆ ಬರೆದ ಪಾಠ, ಕಂಪ್ಯೂಟರ್ ಪರದೆಯನ್ನೇ ತೋರಿಸುವ ತರಬೇತಿ ಇಂಥವುಗಳಿಗೆ 720p ಬೇಕಾಗಬಹುದು. ಮಾತುಕತೆ, ಸುದ್ದಿ, ಧಾರಾವಾಹಿಗಳಿಗೆ 480p ಧಾರಾಳ ಸಾಕು.

ಕೆಲವು ಉಪಾಯಗಳು ಕೆಲಸ ಮಾಡುವುದಿಲ್ಲ. ಪರದೆಯ ಬೆಳಕನ್ನು ತಗ್ಗಿಸಿದರೆ ಬ್ಯಾಟರಿ ಉಳಿಯುತ್ತದೆಯೇ ಹೊರತು ಡೇಟಾ ಅಲ್ಲ. ಶಬ್ದ ನಿಲ್ಲಿಸಿದರೂ ಧ್ವನಿಯ ಭಾಗ ಸಾಮಾನ್ಯವಾಗಿ ಇಳಿಯುತ್ತಲೇ ಇರುತ್ತದೆ. ವಿಡಿಯೊವನ್ನು ಎರಡು ಪಟ್ಟು ವೇಗದಲ್ಲಿ ಓಡಿಸಿದರೆ ಆ ವಿಡಿಯೊಗೆ ಆಗುವ ಖರ್ಚು ಅಷ್ಟೇ, ಆದರೆ ಗಡಿಯಾರದ ಒಂದು ಗಂಟೆಯಲ್ಲಿ ಎರಡು ಗಂಟೆಯ ವಿಡಿಯೊ ಇಳಿದಿರುತ್ತದೆ.

## ಒಂದು ದಿನದ ಲೆಕ್ಕ

ಆರಂಭದ 2 ಜಿಬಿಗೆ ಮರಳೋಣ. ಒಬ್ಬರು ದಿನಕ್ಕೆ ಒಂದೂವರೆ ಗಂಟೆ ವಿಡಿಯೊ ನೋಡುತ್ತಾರೆ, ಎರಡು ಗಂಟೆ ಹಾಡು ಕೇಳುತ್ತಾರೆ, ಅರ್ಧ ಗಂಟೆ ಆ್ಯಪ್‌ನಲ್ಲಿ ಮಾತಿನ ಕರೆ, ಅರ್ಧ ಗಂಟೆ ವಿಡಿಯೊ ಕರೆ ಮಾಡುತ್ತಾರೆ, ಒಂದು ಗಂಟೆ ನಕ್ಷೆ ಹಿಡಿದು ಪ್ರಯಾಣಿಸುತ್ತಾರೆ ಎಂದುಕೊಳ್ಳೋಣ. ವೇಗದ ನೆಟ್‌ವರ್ಕಿನಲ್ಲಿ ವಿಡಿಯೊ 1080pಗೆ ಏರಿದ್ದರೆ ಅದಕ್ಕೆ 1,350 ಎಂಬಿ. ಹಾಡು 320 ಕೆಬಿಪಿಎಸ್‌ನಲ್ಲಿದ್ದರೆ 288. ಮಾತಿನ ಕರೆಗೆ 18, ವಿಡಿಯೊ ಕರೆಗೆ 270, ನಕ್ಷೆಗೆ 10. ಒಟ್ಟು 1,936 ಎಂಬಿ. ಸಂದೇಶ, ಫೋಟೊ, ಆ್ಯಪ್‌ಗಳ ಅಪ್‌ಡೇಟ್ ಇನ್ನೂ ಇದರಲ್ಲಿ ಸೇರಿಲ್ಲ. ಮಿತಿ ಮೀರುವುದಕ್ಕೆ ಉಳಿದಿರುವುದು 64 ಎಂಬಿ ಮಾತ್ರ.

ಈಗ ಎರಡೇ ಬದಲಾವಣೆ ಮಾಡೋಣ. ವಿಡಿಯೊವನ್ನು 480pಗೆ ಇಳಿಸಿದರೆ 1,350 ಇದ್ದದ್ದು ಸುಮಾರು 473 ಆಗುತ್ತದೆ, ಹಾಡನ್ನು 96 ಕೆಬಿಪಿಎಸ್‌ಗೆ ಇಳಿಸಿದರೆ 288 ಇದ್ದದ್ದು 86 ಆಗುತ್ತದೆ. ದಿನದ ಒಟ್ಟು ಖರ್ಚು 857 ಎಂಬಿ. ಉಳಿದದ್ದು 1 ಜಿಬಿಗೂ ಹೆಚ್ಚು, ಅದರಲ್ಲಿ 877 ಎಂಬಿ ವಿಡಿಯೊ ಒಂದರಿಂದಲೇ. ಇದರ ಬದಲು ನಕ್ಷೆಯನ್ನು ಬಳಸುವುದನ್ನೇ ಬಿಟ್ಟಿದ್ದರೆ ಉಳಿಯುತ್ತಿದ್ದುದು 10 ಎಂಬಿ. 1080p ವಿಡಿಯೊ ಅಷ್ಟನ್ನು ನಲವತ್ತು ಸೆಕೆಂಡಿನಲ್ಲಿ ಖರ್ಚು ಮಾಡುತ್ತದೆ.

## ನಿಮ್ಮ ಫೋನಿನಲ್ಲೇ ಅಳೆಯುವುದು

ಮೇಲಿನ ಸಂಖ್ಯೆಗಳು ಅಂದಾಜು. ನಿಮ್ಮ ಆ್ಯಪ್, ನೀವು ನೋಡುವ ಕಾರ್ಯಕ್ರಮಕ್ಕೆ ಸರಿಯಾದ ಸಂಖ್ಯೆ ಬೇಕಿದ್ದರೆ ಹತ್ತು ನಿಮಿಷದಲ್ಲಿ ಪಡೆಯಬಹುದು. ವೈಫೈ ಆಫ್ ಮಾಡಿ, ಸೆಟ್ಟಿಂಗ್ಸ್‌ನ ಮೊಬೈಲ್ ಡೇಟಾ ಬಳಕೆಯ ಪಟ್ಟಿಯಲ್ಲಿ ಆ ಆ್ಯಪ್ ಎದುರು ಇರುವ ಸಂಖ್ಯೆಯನ್ನು ಬರೆದುಕೊಳ್ಳಿ. ಗುಣಮಟ್ಟವನ್ನು ಒಂದು ಹಂತಕ್ಕೆ ಸ್ಥಿರಪಡಿಸಿ ಹತ್ತು ನಿಮಿಷ ವಿಡಿಯೊ ನೋಡಿ, ಆ್ಯಪ್ ಮುಚ್ಚಿ, ಒಂದೆರಡು ನಿಮಿಷ ಬಿಟ್ಟು ಮತ್ತೆ ಸಂಖ್ಯೆ ನೋಡಿ. ಮೊದಲು 412 ಎಂಬಿ ಇದ್ದದ್ದು 487 ಆಗಿದ್ದರೆ ಹತ್ತು ನಿಮಿಷಕ್ಕೆ 75, ಗಂಟೆಗೆ 450 ಎಂಬಿ, ಅಂದರೆ ಸರಿಯಾಗಿ 1 ಎಂಬಿಪಿಎಸ್.

ಹತ್ತು ನಿಮಿಷಕ್ಕಿಂತ ಕಡಿಮೆ ಅಳೆದರೆ ಮುಂಗಡವಾಗಿ ಇಳಿಸಿಟ್ಟುಕೊಂಡ ಭಾಗವೇ ದೊಡ್ಡದಾಗಿ ಕಂಡು, ಉತ್ತರ ನಿಜಕ್ಕಿಂತ ಹೆಚ್ಚು ಬರುತ್ತದೆ. ಹಿಂದೆ ನೋಡಿದ ವಿಡಿಯೊವನ್ನೇ ಮತ್ತೆ ಹಾಕಿದರೆ ಕೆಲವು ಭಾಗ ಫೋನಿನಲ್ಲೇ ಉಳಿದಿದ್ದು ಉತ್ತರ ಕಡಿಮೆ ಬರಬಹುದು. ಅಳೆಯುವ ಭರದಲ್ಲಿ ನೆಟ್‌ವರ್ಕಿನ ವೇಗ ಪರೀಕ್ಷಿಸುವ ಆ್ಯಪ್‌ಗಳನ್ನು ಮಾತ್ರ ಓಡಿಸಬೇಡಿ: ಅವು ಕೊಳವೆಯನ್ನು ಪೂರ್ತಿ ತುಂಬಿಸಿ ನೋಡುತ್ತವೆ, 100 ಎಂಬಿಪಿಎಸ್ ನೆಟ್‌ವರ್ಕಿನಲ್ಲಿ ಹದಿನೈದು ಸೆಕೆಂಡಿನ ಅಂಥ ಪರೀಕ್ಷೆಗೆ ಸುಮಾರು 187 ಎಂಬಿ ಹೋಗುತ್ತದೆ. ಫೋನು ತೋರಿಸುವ ಮೊತ್ತಕ್ಕೂ ಮೊಬೈಲ್ ಸೇವೆಯವರ ಮೊತ್ತಕ್ಕೂ ಸಣ್ಣ ಅಂತರ ಕಂಡರೆ ಅದು ಬಹುಮಟ್ಟಿಗೆ ಎಣಿಕೆಯ ಭೇದ. 1 ಜಿಬಿಯನ್ನು ಒಬ್ಬರು 1,000 ಎಂಬಿ ಎಂದೂ ಇನ್ನೊಬ್ಬರು 1,024 ಎಂಬಿ ಎಂದೂ ಹಿಡಿಯುತ್ತಾರೆ, ಕೆಳಗಿನ ಬೈಟ್‌ಗಳವರೆಗೂ ಅದೇ ರೀತಿ ಎಣಿಸಿದಾಗ ಅಂತರ ಶೇ 7ರಷ್ಟಾಗುತ್ತದೆ. ಅದಕ್ಕಿಂತ ತುಂಬ ದೊಡ್ಡ ಅಂತರವಿದ್ದರೆ ಎರಡೂ ಕಡೆ ಲೆಕ್ಕ ಶುರುವಾಗುವ ದಿನಾಂಕ ಒಂದೇ ಆಗಿದೆಯೇ ಎಂದು ಮೊದಲು ನೋಡಿ. ಫೋನು ತಿಂಗಳ ಒಂದನೆಯ ತಾರೀಖಿನಿಂದ ಎಣಿಸುತ್ತಿರಬಹುದು, ನಿಮ್ಮ ಯೋಜನೆ ಶುರುವಾದದ್ದು ಬೇರೆ ದಿನ ಇರಬಹುದು.